ನೋವಿಲ್ಲದೆ ತೆರೆದುಕೊಂಡ ಗರ್ಭಕಂಠ: ಹೊಲಿಗೆ ಯಾವಾಗ, ಪ್ರೊಜೆಸ್ಟರಾನ್ ಯಾವಾಗ?

ಪ್ರಶ್ನೆ: ಮೇಡಂ, ನನಗೆ 27 ವರ್ಷ, ಊರು ಹಾವೇರಿ ಜಿಲ್ಲೆ. ಕಳೆದ ವರ್ಷ ಮೊದಲ ಬಸಿರು 21ನೇ ವಾರದಲ್ಲಿ ಹೋಯಿತು. ಹೊಟ್ಟೆನೋವು ಬಂದಿರಲಿಲ್ಲ. ಎರಡು ದಿನ ಕೆಳಗೆ ಭಾರ ಅನ್ನಿಸಿ ನೀರಿನಂಥ ಬಿಳಿ ಹೋಗುತ್ತಿತ್ತು. ಆಸ್ಪತ್ರೆಗೆ ಹೋದಾಗ ಬಾಯಿ 4 ಸೆಂ.ಮೀ. ತೆರೆದಿದೆ, ನೀರಿನ ಚೀಲ ಕೆಳಗೆ ಬಂದಿದೆ ಅಂದರು. ಈಗ ಮತ್ತೆ 10 ವಾರ. ಒಬ್ಬ ಡಾಕ್ಟರು 13 ವಾರಕ್ಕೆ ಹೊಲಿಗೆ ಹಾಕಲೇಬೇಕು ಅನ್ನುತ್ತಾರೆ. ಇನ್ನೊಬ್ಬರು ಸ್ಕ್ಯಾನ್ ನೋಡುತ್ತಾ ಹೋಗೋಣ, ಬೇಕಾದರೆ ರಾತ್ರಿ ಕ್ಯಾಪ್ಸೂಲ್ ಇಟ್ಟುಕೊಳ್ಳಿ ಅನ್ನುತ್ತಾರೆ. ನಮ್ಮ ಅತ್ತೆ ಹೆರಿಗೆವರೆಗೂ ಮಲಗಿಯೇ ಇರು ಅನ್ನುತ್ತಾರೆ. ನನಗೆ ಆಗಿದ್ದು ದಿನ ತುಂಬದ ಹೆರಿಗೆಯೋ, ಬೇರೆಯೋ? ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಇಬ್ಬರು ವೈದ್ಯರಲ್ಲಿ ಯಾರೂ ತಪ್ಪು ಹೇಳುತ್ತಿಲ್ಲ. ಒಂದೇ ಪೂರ್ವಚರಿತ್ರೆಯನ್ನು ಅವರು ಎರಡು ಬೇರೆ ಬೇರೆ ಮಾರ್ಗಸೂಚಿಗಳ ಪ್ರಕಾರ ಓದುತ್ತಿದ್ದಾರೆ. ಆದರೆ ಹೊಲಿಗೆಯೋ ಕ್ಯಾಪ್ಸೂಲೋ ಎಂಬುದಕ್ಕಿಂತ ಮುಂಚೆ ಇತ್ಯರ್ಥವಾಗಬೇಕಾದ ವಿಷಯ ಬೇರೆ ಇದೆ. ಕಳೆದ ಸಲ ಮೊದಲು ಗರ್ಭಕಂಠ ತೆರೆದು ಆಮೇಲೆ ಉಳಿದದ್ದು ನಡೆಯಿತೇ, ಅಥವಾ ಸೋಂಕು, ರಕ್ತಸ್ರಾವ, ಗರ್ಭಕೋಶದ ಸಂಕೋಚನ ಮೊದಲು ಬಂದು ಅದರಿಂದಾಗಿ ಗರ್ಭಕಂಠ ತೆರೆಯಿತೇ ಎಂಬುದು ಆ ವಿಷಯ.

ಗರ್ಭಕೋಶದ ಕೆಳತುದಿಯಲ್ಲಿ ಕುತ್ತಿಗೆಯಂತೆ ಇಳಿದಿರುವ ಭಾಗವೇ ಗರ್ಭಕಂಠ. ಆಸ್ಪತ್ರೆಯಲ್ಲಿ ಸರ್ವಿಕ್ಸ್ ಎನ್ನುತ್ತಾರೆ, ಮನೆಮಾತಿನಲ್ಲಿ ಗರ್ಭಕೋಶದ ಬಾಯಿ. ಬಸಿರಿನ ನಡುಭಾಗದಲ್ಲಿ ಇದರ ಉದ್ದ ಸಾಮಾನ್ಯವಾಗಿ 35ರಿಂದ 40 ಮಿ.ಮೀ. ಇರುತ್ತದೆ. ಇದು ಬಹುಪಾಲು ಸ್ನಾಯುವಲ್ಲ, ಕೊಲಾಜೆನ್ ಎಂಬ ಗಟ್ಟಿ ನಾರಿನ ಅಂಗಾಂಶ. ದಿನ ತುಂಬುವ ಹೊತ್ತಿಗೆ ಆ ನಾರು ಮೆತ್ತಗಾಗಿ, ಸಂಕೋಚನಗಳ ಒತ್ತಡಕ್ಕೆ ತೆರೆದುಕೊಳ್ಳುವುದು ಸಹಜ ಕ್ರಮ. ಗರ್ಭಕಂಠದ ದೌರ್ಬಲ್ಯದಲ್ಲಿ ಈ ಮೆತ್ತಗಾಗುವಿಕೆ ಸುಮಾರು 16ರಿಂದ 24 ವಾರಗಳ ನಡುವೆಯೇ, ಸಂಕೋಚನಗಳ ನೆರವಿಲ್ಲದೆ ನಡೆದುಬಿಡುತ್ತದೆ. ತೆರೆಯುವಿಕೆ ಶುರುವಾಗುವುದು ಮೇಲಿನಿಂದ, ಅಂದರೆ ಮಗುವಿನ ಕಡೆಯ ಒಳಬಾಯಿಯಿಂದ. ನೀರಿನ ಚೀಲ ಲಾಳಿಕೆಯ ಆಕಾರದಲ್ಲಿ ಕೆಳಗಿಳಿಯುತ್ತಾ ಬರುವಾಗ ಹೊರಬಾಯಿ ಇನ್ನೂ ಮುಚ್ಚಿಯೇ ಇರುತ್ತದೆ. ಆದ್ದರಿಂದಲೇ ಬೆರಳಿನ ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದೆ ಎಂದು ಬರೆಸಿಕೊಂಡು ಹೋದವರು ವಾರ ಕಳೆಯುವುದರೊಳಗೆ ನಿಮ್ಮ ಹಾಗೆ ಬಂದು ನಿಲ್ಲುವುದುಂಟು. ಆ ದಿನಗಳಲ್ಲಿ ಅವರಿಗೆ ತಿಳಿಯುವುದು ಕೆಳಗೆ ಭಾರ, ಸಣ್ಣ ಸೊಂಟನೋವು, ಬಿಳಿಸ್ರಾವ ಹೆಚ್ಚಿದ್ದು ಅಥವಾ ನೀರಾಗಿದ್ದು, ಕೆಲವೊಮ್ಮೆ ತಿಳಿ ಗುಲಾಬಿ ಕಲೆ, ಇಷ್ಟೇ.

ದಿನ ತುಂಬದ ಹೆರಿಗೆನೋವಿನಲ್ಲಿ ಕ್ರಮ ತಿರುಗುಮುರುಗು. ಮೊದಲು ಗರ್ಭಕೋಶ ಬಿಗಿಯುತ್ತದೆ. ಹೊಟ್ಟೆ ಗಟ್ಟಿಯಾಗಿ, ಸಡಿಲವಾಗಿ, ಮತ್ತೆ ಗಟ್ಟಿಯಾಗುತ್ತದೆ, ನೋವು ನಿಯಮಿತವಾಗಿ ಬಂದುಹೋಗುತ್ತದೆ, ಅದರ ಹಿಂದೆಯೇ ಗರ್ಭಕಂಠ ತೆಳುವಾಗಿ ತೆರೆಯುತ್ತದೆ. 37 ವಾರ ತುಂಬುವ ಮುಂಚೆ ಹೀಗಾದರೆ ಅದು ದಿನ ತುಂಬದ ಹೆರಿಗೆನೋವು, ಮತ್ತು ಹೆಚ್ಚಿನವು ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಬರುತ್ತವೆ. ಅದರ ಚಿಕಿತ್ಸೆಯೂ ಬೇರೆ. ನಿಫೆಡಿಪಿನ್‌ನಂಥ ಔಷಧದಿಂದ ಸಂಕೋಚನವನ್ನು ಎರಡು ದಿನವಾದರೂ ತಡೆದು, ಆ ಅವಧಿಯಲ್ಲಿ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟು, ನವಜಾತ ಶಿಶುಗಳ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ತಲುಪಿಸುವುದು ಅದರ ತಿರುಳು. ಅಲ್ಲಿ ಹೊಲಿಗೆಗೆ ಸ್ಥಾನವಿಲ್ಲ. ಬಿಗಿಯುತ್ತಿರುವ ಗರ್ಭಕೋಶದ ಬಾಯಿಗೆ ದಾರ ಕಟ್ಟಿದರೆ ಗರ್ಭಕಂಠ ಹರಿಯಬಹುದು. ನಿಮಗೆ ಹೇಳಿದ ಕ್ಯಾಪ್ಸೂಲಿನಲ್ಲಿರುವ ಹಾರ್ಮೋನು ಪ್ರೊಜೆಸ್ಟರಾನ್ ಕೂಡ ಶುರುವಾದ ನೋವನ್ನು ನಿಲ್ಲಿಸುವ ಔಷಧವಲ್ಲ.

ಪುಸ್ತಕದಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವ ಈ ಗೆರೆ ಹೆರಿಗೆ ಕೋಣೆಯಲ್ಲಿ ಮಸುಕಾಗುತ್ತದೆ. ಗರ್ಭಕಂಠ ತಾನಾಗಿ ತೆರೆದು ಚೀಲ ಯೋನಿಯೊಳಗೆ ಇಳಿದ ಮೇಲೆ, ಅಲ್ಲಿನ ಸೂಕ್ಷ್ಮಜೀವಿಗಳು ಚೀಲಕ್ಕೆ ತಾಗಿ ಸೋಂಕು ಹತ್ತುತ್ತದೆ, ಸೋಂಕು ಹತ್ತಿದರೆ ಸಂಕೋಚನ ಬರುತ್ತದೆ, ಹೀಗೆ ಕೊನೆಯ ಕೆಲವು ಗಂಟೆಗಳಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಇದರ ವಿರುದ್ಧ ದಿಕ್ಕೂ ನಿಜ: ಗರ್ಭಚೀಲದೊಳಗೆ ಸದ್ದಿಲ್ಲದೆ ಬೆಳೆದ ಸೋಂಕು ಅಥವಾ ಮಾಸು ಬೇರ್ಪಟ್ಟು ಒಳಗೇ ಆದ ರಕ್ತಸ್ರಾವವು ಗರ್ಭಕಂಠವನ್ನು ಮೆತ್ತಗಾಗಿಸಿ, ದೌರ್ಬಲ್ಯದ ವೇಷದಲ್ಲಿ ಬರಬಹುದು. ಅಂಥವರಿಗೆ ಮುಂದಿನ ಬಸಿರಿನಲ್ಲಿ ಹೊಲಿಗೆಯಿಂದ ಲಾಭ ಕಡಿಮೆ, ಏಕೆಂದರೆ ಅವರ ತೊಂದರೆ ಬಾಯಿಯ ಬಲದ್ದಲ್ಲ.

ಹಾಗಾಗಿ ಮುಂದಿನ ಭೇಟಿಗೆ ಹೋಗುವಾಗ ತಾಯಿ ಕಾರ್ಡ್ ಮಾತ್ರವಲ್ಲ, ಕಳೆದ ವರ್ಷದ ಆಸ್ಪತ್ರೆಯ ದಾಖಲೆಗಳನ್ನು ಪೂರ್ತಿಯಾಗಿ ತೆಗೆದುಕೊಂಡು ಹೋಗಿ. ಡಿಸ್ಚಾರ್ಜ್ ಚೀಟಿಯಲ್ಲಿ ಬರಿದೇ ಗರ್ಭಪಾತ ಎಂದು ಬರೆದಿದ್ದರೆ ಅದರಿಂದ ಏನೂ ತಿಳಿಯದು. ನೀವು ದಾಖಲಾದ ಹೊತ್ತಿನ ಕೇಸ್ ಶೀಟಿನ ಪ್ರತಿ ಬೇಕು. ಒಳಗೆ ಹೋದಾಗ ಜ್ವರವಿತ್ತೇ, ಬಿಳಿ ರಕ್ತಕಣಗಳ ಎಣಿಕೆ ಏರಿತ್ತೇ, ಸ್ರಾವಕ್ಕೆ ದುರ್ವಾಸನೆಯಿತ್ತೇ, ನೀರು ಮೊದಲೇ ಒಡೆದಿತ್ತೇ, ಮಗುವಿನ ಎದೆಬಡಿತ ಇತ್ತೇ, ಮಾಸಿನ ಹಿಂದೆ ಹೆಪ್ಪುಗಟ್ಟಿದ ರಕ್ತ ಸಿಕ್ಕಿತೇ, ಮಾಸನ್ನು ಲ್ಯಾಬಿಗೆ ಕಳಿಸಿದ್ದರೆ ವರದಿ ಏನು ಹೇಳಿತು ಎಂಬುದನ್ನು ವೈದ್ಯರು ನೋಡುತ್ತಾರೆ. ಜೊತೆಗೆ ನಿಮಗೆ ಹಿಂದೆ ಡಿ ಅಂಡ್ ಸಿ ಆಗಿದೆಯೇ, ಗರ್ಭಕಂಠದ ತುಣುಕು ತೆಗೆದ ಶಸ್ತ್ರಚಿಕಿತ್ಸೆ ಆಗಿದೆಯೇ, ಗರ್ಭಕೋಶದ ಆಕಾರದಲ್ಲಿ ಹುಟ್ಟಿನಿಂದ ವ್ಯತ್ಯಾಸವಿದೆಯೇ ಎಂದೂ ಕೇಳುತ್ತಾರೆ. ಹೆಚ್ಚಿನವರಲ್ಲಿ ಇಂಥ ಕಾರಣ ಯಾವುದೂ ಸಿಗುವುದಿಲ್ಲ. ಬಸಿರಿಲ್ಲದಾಗ ಗರ್ಭಕಂಠದೊಳಗೆ ಲೋಹದ ಕಡ್ಡಿ ತೂರಿಸಿ ಅಥವಾ ಬಣ್ಣದ ಎಕ್ಸ್‌ರೇ ತೆಗೆದು ದೌರ್ಬಲ್ಯ ಪತ್ತೆ ಹಚ್ಚುವ ಹಳೆಯ ಪದ್ಧತಿಗಳನ್ನು ಈಗ ನೆಚ್ಚುವುದಿಲ್ಲ. ರೋಗನಿರ್ಣಯ ಆಗುವುದು ನಡೆದ ಘಟನೆಗಳ ಕ್ರಮದಿಂದ, ಮತ್ತು ಈ ಬಸಿರಿನಲ್ಲಿ ಅಳೆಯುವ ಉದ್ದದಿಂದ.

ನೀವು ಬರೆದಷ್ಟನ್ನೇ ನಂಬಿ ಹೇಳುವುದಾದರೆ, ನೋವಿಲ್ಲದೆ 4 ಸೆಂ.ಮೀ. ತೆರೆದ ಬಾಯಿ, ಒಡೆಯದೆ ಇಳಿದ ಚೀಲ, ರಕ್ತವಿಲ್ಲ, ಜ್ವರದ ಮಾತಿಲ್ಲ: ಇದು ಗರ್ಭಕಂಠದ ದೌರ್ಬಲ್ಯದ ಮಾದರಿ ಚಿತ್ರವೇ. ಮಾರ್ಗಸೂಚಿಗಳು ಕವಲೊಡೆಯುವುದು ಇಲ್ಲಿಂದ. ಅಮೆರಿಕದ ಪ್ರಸೂತಿ ತಜ್ಞರ ಕಾಲೇಜಿನ ಪ್ರಕಾರ ಇಂಥ ಒಂದು ನಷ್ಟವಾಗಿದ್ದರೂ ಪೂರ್ವಚರಿತ್ರೆಯ ಆಧಾರದ ಮೇಲೆ 13–14 ವಾರದ ಸುಮಾರಿಗೆ ಹೊಲಿಗೆಯನ್ನು ಪರಿಗಣಿಸಬಹುದು. ಬ್ರಿಟನ್ನಿನ ರಾಯಲ್ ಕಾಲೇಜು ಮೂರು ಅಥವಾ ಹೆಚ್ಚು ನಷ್ಟ ಇಲ್ಲವೇ ದಿನ ತುಂಬದ ಹೆರಿಗೆ ಕಂಡವರಿಗೆ ಮಾತ್ರ ಆ ರೀತಿ ಮುಂಗಡ ಹೊಲಿಗೆಯನ್ನು ಸೂಚಿಸುತ್ತದೆ, ಉಳಿದವರನ್ನು ಸ್ಕ್ಯಾನ್ ಮೂಲಕ ಗಮನಿಸಲು ಹೇಳುತ್ತದೆ. ಬ್ರಿಟನ್ನಿನವರ ಬಿಗಿಗೆ ಆಧಾರ 1993ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ. 1292 ಮಹಿಳೆಯರಲ್ಲಿ ಹೊಲಿಗೆ ಹಾಕಿಸಿಕೊಂಡವರಲ್ಲಿ ನೂರಕ್ಕೆ 13 ಮಂದಿಗೆ, ಹಾಕಿಸಿಕೊಳ್ಳದವರಲ್ಲಿ 17 ಮಂದಿಗೆ 33 ವಾರದ ಮುಂಚೆ ಹೆರಿಗೆಯಾಯಿತು. ಅಂದರೆ ಒಬ್ಬರಿಗೆ ಉಪಯೋಗವಾಗಲು ಸುಮಾರು 25 ಮಂದಿಗೆ ಹೊಲಿಗೆ ಹಾಕಬೇಕಾಯಿತು. ಮೂರು ಅಥವಾ ಹೆಚ್ಚು ಸಲ ಕಳೆದುಕೊಂಡವರ ಗುಂಪಿನಲ್ಲಿ ಮಾತ್ರ ಅಂತರ ದೊಡ್ಡದಿತ್ತು, ಹೊಲಿಗೆ ಹಾಕಿಸಿಕೊಂಡವರಲ್ಲಿ ನೂರಕ್ಕೆ 15, ಹಾಕಿಸಿಕೊಳ್ಳದವರಲ್ಲಿ 32. ಆ ಪ್ರಯೋಗಕ್ಕೆ ಸೇರಿದವರು ಬಗೆಬಗೆಯ ಚರಿತ್ರೆಯವರು, ಎಲ್ಲರದೂ ನಿಮ್ಮಂಥ ಸ್ಪಷ್ಟ ಚಿತ್ರವಾಗಿರಲಿಲ್ಲ ಎಂಬುದನ್ನೂ ಮರೆಯಬಾರದು.

ಎರಡನೆಯ ವೈದ್ಯರ ದಾರಿ ಉಡಾಫೆಯದಲ್ಲ. ಅದು ಕೆಲಸ ಮಾಡಬೇಕಾದರೆ ಸ್ಕ್ಯಾನ್ ಸರಿಯಾದ ರೀತಿಯಲ್ಲಿ, ಸರಿಯಾದ ದಿನಕ್ಕೆ ಆಗಬೇಕು. ಹೊಟ್ಟೆಯ ಮೇಲಿಂದ ಅಳೆದ ಗರ್ಭಕಂಠದ ಉದ್ದವನ್ನು ಈ ಕೆಲಸಕ್ಕೆ ನಂಬಬೇಡಿ. ಮೂತ್ರಕೋಶ ತುಂಬಿದ್ದರೆ ಗಿಡ್ಡ ಗರ್ಭಕಂಠವೂ ಉದ್ದವಾಗಿ ಕಾಣುತ್ತದೆ. ಬೇಕಾದದ್ದು ಯೋನಿಯ ಮೂಲಕ ಮಾಡುವ ಸ್ಕ್ಯಾನ್, ವರದಿಯಲ್ಲಿ ಟಿವಿಎಸ್ ಎಂದು ಬರೆದಿರುತ್ತದೆ. ಮೂತ್ರ ಮಾಡಿ ಬಂದು ಮಲಗಬೇಕು. ಸ್ಕ್ಯಾನಿನ ಕಡ್ಡಿಯನ್ನು ಒತ್ತಬಾರದು. ಮೂರ್ನಾಲ್ಕು ನಿಮಿಷ ನೋಡಿ ಮೂರು ಸಲ ಅಳೆದು, ಚೆನ್ನಾಗಿ ಕಂಡ ಅಳತೆಗಳಲ್ಲಿ ಅತಿ ಕಡಿಮೆಯದನ್ನು ಬರೆಯಬೇಕು. ಅರ್ಧ ನಿಮಿಷದಲ್ಲಿ ಮುಗಿದ ಅಳತೆಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ, ಯಾಕೆಂದರೆ ಕೆಲವರ ಗರ್ಭಕಂಠ ನಾವು ನೋಡುತ್ತಿರುವಾಗಲೇ ಗಿಡ್ಡವಾಗುತ್ತದೆ. ಈ ಪರೀಕ್ಷೆಯಿಂದ ಮಗುವಿಗಾಗಲೀ ಬಸಿರಿಗಾಗಲೀ ಅಪಾಯವಿಲ್ಲ. ನಿಮ್ಮಂಥ ಚರಿತ್ರೆಯವರಿಗೆ 16ನೇ ವಾರದಿಂದ, ನನ್ನ ಅಭ್ಯಾಸದಲ್ಲಿ 14ರಿಂದಲೇ, ಎರಡು ವಾರಕ್ಕೊಮ್ಮೆ 24ರವರೆಗೆ ಅಳೆಯುತ್ತೇವೆ. ಉದ್ದ 30ರ ಕೆಳಗಿಳಿದರೆ ವಾರಕ್ಕೊಮ್ಮೆ. 24 ವಾರಕ್ಕೆ ಮುಂಚೆ 25 ಮಿ.ಮೀ.ಗಿಂತ ಕಡಿಮೆ ಎಂಬುದು ಕ್ರಮ ಕೈಗೊಳ್ಳುವ ಗೆರೆ. ಹೀಗೆ ಗಮನಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಗೆರೆಯನ್ನು ದಾಟುವುದೇ ಇಲ್ಲ, ಅವರಿಗೆ ಶಸ್ತ್ರಚಿಕಿತ್ಸೆ ತಪ್ಪುತ್ತದೆ, ಮತ್ತು ಎಲ್ಲರಿಗೂ ಮೊದಲೇ ಹೊಲಿಗೆ ಹಾಕಿದ್ದಕ್ಕಿಂತ ಫಲಿತಾಂಶ ಕೆಡುವುದಿಲ್ಲ ಎಂದು ಈ ಎರಡು ವಿಧಾನಗಳನ್ನು ಹೋಲಿಸಿದ ಪ್ರಯೋಗಗಳು ತೋರಿಸಿವೆ.

ನಿಮ್ಮ ವಿಷಯದಲ್ಲಿ ಇದು ಹೇಗೆ ನಡೆಯಬಹುದೆಂದು ಊಹಿಸಿಕೊಳ್ಳಿ. 16ನೇ ವಾರದಲ್ಲಿ 34, 18ರಲ್ಲಿ 29, 19ರಲ್ಲಿ 22 ಮಿ.ಮೀ. ಬಂದಿತು, ಒಳಬಾಯಿ ಲಾಳಿಕೆಯಂತೆ ತೆರೆದಿದೆ ಎಂದಿಟ್ಟುಕೊಳ್ಳೋಣ. ಆಗ ಮೊದಲು ಯೋನಿಯನ್ನು ಅಗಲಿಸಿ ನೋಡುವ ಸ್ಪೆಕ್ಯುಲಮ್ ಎಂಬ ಉಪಕರಣ ಇಟ್ಟು ಹೊರಬಾಯಿ ಮುಚ್ಚಿದೆಯೇ, ಚೀಲ ಕಾಣುತ್ತಿದೆಯೇ ಎಂದು ನೋಡುತ್ತೇವೆ. ಜ್ವರ, ಹೊಟ್ಟೆ ಬಿಗಿತ, ರಕ್ತಸ್ರಾವ, ನೀರು ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡು, ಮೂತ್ರಪರೀಕ್ಷೆ ಮಾಡಿಸಿ, ಮಗುವಿನ ಸ್ಕ್ಯಾನಿನಲ್ಲಿ ಗಂಭೀರ ನ್ಯೂನತೆ ಇಲ್ಲವೆಂದು ನೋಡಿ, ಒಂದೆರಡು ದಿನದೊಳಗೆ ಹೊಲಿಗೆ ಹಾಕುತ್ತೇವೆ. ಹಿಂದೆ ದಿನ ತುಂಬದ ಹೆರಿಗೆಯಾಗಿ ಈ ಸಲ 25ರ ಕೆಳಗಿಳಿದ, ಒಂದೇ ಮಗುವಿರುವ ತಾಯಂದಿರ ಐದು ಪ್ರಯೋಗಗಳನ್ನು 2011ರಲ್ಲಿ ಒಟ್ಟು ಸೇರಿಸಿ ನೋಡಿದಾಗ, 35 ವಾರದ ಮುಂಚಿನ ಹೆರಿಗೆ ಹೊಲಿಗೆಯಿಲ್ಲದವರಲ್ಲಿ ನೂರಕ್ಕೆ 41 ಇದ್ದದ್ದು ಹೊಲಿಗೆ ಹಾಕಿದವರಲ್ಲಿ 28ಕ್ಕೆ ಇಳಿದಿತ್ತು. 28 ಎಂಬುದು ಸೊನ್ನೆಯಲ್ಲ ಎಂಬುದನ್ನೂ ಗಮನಿಸಿ. ಹೊಲಿಗೆ ಹಾಕಿದರೂ ಕೆಲವರಿಗೆ ಮುಂಚೆಯೇ ಹೆರಿಗೆಯಾಗುತ್ತದೆ.

ಇದೇ 22 ಮಿ.ಮೀ. ಮೊದಲ ಬಸಿರಿನವರಲ್ಲಿ, ಹಿಂದೆ ಏನೂ ಆಗಿರದವರಲ್ಲಿ ಕಂಡಿದ್ದರೆ ನಾನು ಹೊಲಿಗೆಯ ಮಾತು ಎತ್ತುತ್ತಿರಲಿಲ್ಲ. ಅವರಿಗೆ ಮೊದಲ ಆಯ್ಕೆ ಯೋನಿಯಲ್ಲಿ ಇಡುವ ಪ್ರೊಜೆಸ್ಟರಾನ್. ಗರ್ಭಕಂಠ ಗಿಡ್ಡವಾಗಿದ್ದೂ ಬೇರೆ ದೂರು ಇಲ್ಲದವರಿಗೆ ಇದು ಉಪಯುಕ್ತ ಎಂಬುದಕ್ಕೆ 2007ರಲ್ಲಿ ಪ್ರಕಟವಾದ ಪ್ರಯೋಗ ಮುಖ್ಯ ಆಧಾರ: 15 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಉದ್ದವಿದ್ದವರಿಗೆ ರಾತ್ರಿ 200 ಮಿ.ಗ್ರಾಂ. ಕೊಟ್ಟಾಗ, 34 ವಾರದ ಮುಂಚಿನ ಹೆರಿಗೆ ನೂರಕ್ಕೆ 34ರಿಂದ 19ಕ್ಕೆ ಇಳಿಯಿತು. ಆಮೇಲೆ 10ರಿಂದ 20 ಮಿ.ಮೀ. ಇದ್ದವರಲ್ಲಿ 90 ಮಿ.ಗ್ರಾಂ. ಜೆಲ್ ಬಳಸಿದ ಪ್ರಯೋಗವೂ ಇದೇ ದಿಕ್ಕನ್ನು ತೋರಿಸಿತು. ಆದರೆ ಗರ್ಭಕಂಠದ ಉದ್ದ ನೋಡದೆ, ಬರೀ ಅಪಾಯವಿದೆ ಎಂದು ಕೊಟ್ಟ 2016ರ ದೊಡ್ಡ ಬ್ರಿಟಿಷ್ ಪ್ರಯೋಗದಲ್ಲಿ ಅಂಥ ಲಾಭ ಕಾಣಲಿಲ್ಲ. ಆದ್ದರಿಂದ ಕ್ಯಾಪ್ಸೂಲನ್ನು ಬಸಿರು ಉಳಿಸುವ ಸಾಮಾನ್ಯ ಮದ್ದಿನಂತೆ ಎಲ್ಲರಿಗೂ ಬರೆಯುವ ನಮ್ಮಲ್ಲಿನ ರೂಢಿಗೆ ನಾನು ಒಪ್ಪುವುದಿಲ್ಲ. ಉದ್ದ ಅಳೆದು, ಗಿಡ್ಡವಾಗಿದ್ದರೆ ಕೊಟ್ಟಾಗ ಅದರ ಬಲ ಕಾಣುತ್ತದೆ.

ಎರಡೂ ಇರುವವರಿಗೆ, ಅಂದರೆ ಹಿಂದಿನ ನಷ್ಟವೂ ಈಗಿನ ಗಿಡ್ಡ ಗರ್ಭಕಂಠವೂ ಸೇರಿದವರಿಗೆ, ಬ್ರಿಟನ್ನಿನ ನೈಸ್ ಸಂಸ್ಥೆ ಹೊಲಿಗೆ ಅಥವಾ ಪ್ರೊಜೆಸ್ಟರಾನ್ ಎರಡನ್ನೂ ಮುಂದಿಟ್ಟು ತಾಯಿಯೇ ಆರಿಸಲಿ ಎನ್ನುತ್ತದೆ. ಹೊಲಿಗೆಗೆ ಅರಿವಳಿಕೆ ಬೇಕು, ಕ್ಯಾಪ್ಸೂಲಿಗೆ ಬೇಡ. ಕ್ಯಾಪ್ಸೂಲನ್ನು ಸುಮಾರು 36 ವಾರದವರೆಗೆ ಪ್ರತಿರಾತ್ರಿ ತಪ್ಪದೆ ಇಡಬೇಕು, ಹೊಲಿಗೆ ಒಂದು ಸಲದ ಕೆಲಸ. ನಿಮ್ಮ ಚರಿತ್ರೆ ಇಷ್ಟು ಸ್ಪಷ್ಟವಾಗಿರುವಾಗ ಉದ್ದ ಕುಸಿದರೆ ನಾನು ಹೊಲಿಗೆಯ ಕಡೆ ವಾಲುತ್ತೇನೆ. ಈಗಾಗಲೇ ಕ್ಯಾಪ್ಸೂಲ್ ಇಡುತ್ತಿದ್ದೂ ಉದ್ದ ಇಳಿಯುತ್ತಲೇ ಹೋದರೆ, ಅದರಲ್ಲೂ 10 ಮಿ.ಮೀ. ಒಳಗೆ ಹೋದರೆ, ಕಾಯುವುದು ಸಲ್ಲ. ಇಡುವ ಕ್ರಮ ಸರಳ: ಮೈಕ್ರೊನೈಸ್ಡ್ ಪ್ರೊಜೆಸ್ಟರಾನ್ 200 ಮಿ.ಗ್ರಾಂ. ಕ್ಯಾಪ್ಸೂಲನ್ನು ಮಲಗುವ ಮುಂಚೆ ಬೆರಳಿನಿಂದ ಯೋನಿಯೊಳಗೆ ಆಳಕ್ಕೆ ಇಡುವುದು. ಬೆಳಿಗ್ಗೆ ಎಣ್ಣೆಯಂಥ ಬಿಳಿ ದ್ರವ ಹೋಗುವುದು ಆ ಕ್ಯಾಪ್ಸೂಲಿನದೇ, ಹೆದರಬೇಕಿಲ್ಲ. ಅದೇ ಕ್ಯಾಪ್ಸೂಲನ್ನು ನುಂಗಿದರೆ ಯಕೃತ್ತು ಬಹುಪಾಲನ್ನು ಕರಗಿಸಿ ತಲೆಸುತ್ತು, ನಿದ್ದೆ ತರುತ್ತದೆ, ಗರ್ಭಕಂಠಕ್ಕೆ ಆ ಪ್ರಮಾಣ ತಲುಪುವುದಿಲ್ಲ. ವಾರಕ್ಕೊಮ್ಮೆ ಕೊಡುವ ಹೈಡ್ರಾಕ್ಸಿಪ್ರೊಜೆಸ್ಟರಾನ್ ಕ್ಯಾಪ್ರೊಯೇಟ್ ಚುಚ್ಚುಮದ್ದು ಇದಕ್ಕೆ ಬದಲಿಯಲ್ಲ. ಉಪಯೋಗ ಸಾಬೀತಾಗದ ಕಾರಣ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಅದರ ಅನುಮತಿಯನ್ನು ಹಿಂತೆಗೆದುಕೊಂಡಿದೆ. ಅದನ್ನು ನಿಮಗೆ ಬರೆದರೆ ಏಕೆ ಎಂದು ಕೇಳಿ.

ಪೂರ್ವಚರಿತ್ರೆ ಮತ್ತು ಸ್ಕ್ಯಾನಿನ ಅಳತೆ ಬಿಟ್ಟರೆ, ಹೊಲಿಗೆಯ ಮೂರನೆಯ ಸಂದರ್ಭ ಕಳೆದ ವರ್ಷ ನೀವು ಕಂಡ ಸ್ಥಿತಿಯದೇ. ಬಾಯಿ ತೆರೆದು ಚೀಲ ಕಾಣುತ್ತಿದ್ದರೂ ಸಂಕೋಚನ, ಸೋಂಕು, ರಕ್ತಸ್ರಾವ ಇಲ್ಲದಿದ್ದರೆ, 24 ವಾರದ ಒಳಗೆ ತುರ್ತು ಹೊಲಿಗೆಯನ್ನು ಪ್ರಯತ್ನಿಸಬಹುದು. ಬರೀ ಕಾಯುವುದಕ್ಕೆ ಹೋಲಿಸಿದರೆ ಇದು ಹೆರಿಗೆಯನ್ನು ಸರಾಸರಿ ಸುಮಾರು 34 ದಿನ ಮುಂದೂಡಬಲ್ಲದು ಎಂದು ರಾಯಲ್ ಕಾಲೇಜು ಹೇಳುತ್ತದೆ, ಆದರೆ ಹಾಕುವಾಗಲೇ ಚೀಲ ಒಡೆಯುವ ಭಯವಿದೆ, ಮತ್ತು ಬಾಯಿ 4 ಸೆಂ.ಮೀ.ಗಿಂತ ಹೆಚ್ಚು ತೆರೆದಿದ್ದರೆ ಅಥವಾ ಚೀಲ ಹೊರಬಾಯಿಯ ಆಚೆ ಜಾರಿದ್ದರೆ ಯಶಸ್ಸು ತಗ್ಗುತ್ತದೆ. ಆಗ ಅದನ್ನು ಮಾಡಲಿಲ್ಲವೇಕೆ ಎಂದು ಮನಸ್ಸಿನಲ್ಲಿದ್ದರೆ, ಕಾರಣ ಕೇಸ್ ಶೀಟಿನಲ್ಲೇ ಸಿಗಬಹುದು.

ಹೊಲಿಗೆ ಎಂದರೆ ಏನು ಮಾಡುತ್ತಾರೆಂದು ಹೇಳಿಬಿಡುತ್ತೇನೆ. ಬೆನ್ನಿಗೆ ಅರಿವಳಿಕೆ ಕೊಟ್ಟು, ಯೋನಿಯ ಮೂಲಕ, ಗರ್ಭಕಂಠದ ಸುತ್ತ ನಾಲ್ಕೈದು ಕಡೆ ಗಟ್ಟಿ ದಾರವನ್ನು ಚುಚ್ಚಿ ಸಂಚಿಯ ಬಾಯಿದಾರ ಎಳೆದಂತೆ ಬಿಗಿದು ಗಂಟು ಹಾಕುತ್ತಾರೆ. ಆಸ್ಟ್ರೇಲಿಯಾದ ಮೆಕ್‌ಡೊನಾಲ್ಡ್ 1957ರಲ್ಲಿ ವಿವರಿಸಿದ ಈ ಸರಳ ವಿಧಾನವೇ ಈಗ ಹೆಚ್ಚು ಬಳಕೆಯಲ್ಲಿದೆ. ಅದಕ್ಕೆ ಎರಡು ವರ್ಷ ಮುಂಚೆ, 1955ರಲ್ಲಿ, ಮುಂಬಯಿಯ ಡಾ. ವಿ. ಎನ್. ಶಿರೋಡ್ಕರ್ ಅವರು ಮೂತ್ರಕೋಶವನ್ನು ಬಿಡಿಸಿ ಮೇಲಕ್ಕೆ ಸರಿಸಿ, ಒಳಬಾಯಿಗೆ ಹತ್ತಿರವಾಗಿ ಕಟ್ಟುವ ವಿಧಾನವನ್ನು ಪ್ರಕಟಿಸಿದ್ದರು. ಇಂದಿಗೂ ಜಗತ್ತಿನ ಪಠ್ಯಗಳಲ್ಲಿ ಅದು ಅವರ ಹೆಸರಿನಲ್ಲೇ ಇದೆ. ಇವೆರಡರಲ್ಲಿ ಒಂದು ಇನ್ನೊಂದಕ್ಕಿಂತ ಖಂಡಿತ ಮೇಲು ಎನ್ನಲು ಆಧಾರವಿಲ್ಲ, ಹಾಕುವವರ ಕೈ ಯಾವುದರಲ್ಲಿ ಪಳಗಿದೆಯೋ ಅದು ಒಳ್ಳೆಯದು. ಹಾಕಿದ ಮೇಲೆ ಒಂದೆರಡು ದಿನ ರಕ್ತದ ಕಲೆ, ಸಣ್ಣ ನೋವು ಇರುತ್ತದೆ. ಯೋನಿಯ ಮೂಲಕ ಹಾಕಿದ ಹೊಲಿಗೆ ಇದ್ದೂ ಬಸಿರು ಹೋದವರಿಗೆ ಮುಂದಿನ ಸಲ ಹೊಟ್ಟೆಯ ಮೂಲಕ ಇನ್ನೂ ಮೇಲೆ ಹೊಲಿಗೆ ಹಾಕುವ ದಾರಿಯಿದೆ, ಅವರಿಗೆ ಹೆರಿಗೆ ಸಿಸೇರಿಯನ್ ಮೂಲಕವೇ. ನಿಮಗೆ ಈಗ ಅದರ ಪ್ರಶ್ನೆ ಬರುವುದಿಲ್ಲ. ಅವಳಿ ಮಕ್ಕಳಿದ್ದು ಗರ್ಭಕಂಠ ಬರೀ ಗಿಡ್ಡವಾಗಿದ್ದರೆ ಹೊಲಿಗೆಯ ಲೆಕ್ಕಾಚಾರವೇ ಬೇರೆ, ಹಾಗಾಗಿ ನಿಮ್ಮ ಮೊದಲ ಸ್ಕ್ಯಾನಿನಲ್ಲಿ ಮಗು ಒಂದೇ ಎಂದು ನೋಡಿಕೊಂಡಿರಿ.

ನಿಮ್ಮ ಅತ್ತೆಯವರ ಕಾಳಜಿ ಅರ್ಥವಾಗುತ್ತದೆ, ಆದರೆ ತಿಂಗಳುಗಟ್ಟಲೆ ಮಲಗುವುದರಿಂದ ಗರ್ಭಕಂಠ ಉದ್ದವಾಗುವುದೂ ಇಲ್ಲ, ಹೆರಿಗೆ ಮುಂದಕ್ಕೆ ಹೋಗುವುದೂ ಇಲ್ಲ. ಬದಲಿಗೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ, ಸ್ನಾಯು ಕರಗುವುದು, ಮನಸ್ಸು ಕುಗ್ಗುವುದು ಸೇರಿಕೊಳ್ಳುತ್ತವೆ. ಮನೆಯೊಳಗಿನ ಸಾಮಾನ್ಯ ಓಡಾಟ, ಅಡುಗೆ, ನಡಿಗೆ ಇರಲಿ. ಭಾರವಾದ ಕೊಡ ಎತ್ತುವುದನ್ನೂ ಹೊಲದ ಕಷ್ಟದ ಕೆಲಸವನ್ನೂ ಬಿಡಿ. ಕೂಡುವಿಕೆಯ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ; ಹೊಲಿಗೆ ಅಥವಾ ಗಿಡ್ಡ ಗರ್ಭಕಂಠ ಇರುವಾಗ ನಾನು ದೂರವಿರಲು ಹೇಳುತ್ತೇನಾದರೂ ಅದು ಎಚ್ಚರಿಕೆಯ ಮಾತು, ಗಟ್ಟಿ ಸಾಕ್ಷ್ಯದ್ದಲ್ಲ.

ಈಗ 10 ವಾರ, ಆದ್ದರಿಂದ ಸಮಯವಿದೆ. 12–13 ವಾರದ ಸ್ಕ್ಯಾನ್ ಮತ್ತು ಕೇಸ್ ಶೀಟು ಎರಡೂ ಕೈಯಲ್ಲಿದ್ದಾಗ ಒಬ್ಬರೇ ವೈದ್ಯರ ಜೊತೆ ಕುಳಿತು ತೀರ್ಮಾನಿಸಿ. ದಾಖಲೆಗಳಲ್ಲಿ ಸೋಂಕು ಅಥವಾ ಮಾಸಿನ ರಕ್ತಸ್ರಾವ ಕಂಡರೆ ಮುಂಗಡ ಹೊಲಿಗೆಗಿಂತ ಸ್ಕ್ಯಾನ್ ದಾರಿಯೇ ಸರಿ. ದಾಖಲೆಗಳು ನೀವು ಬರೆದದ್ದನ್ನೇ ಹೇಳಿದರೆ ಎರಡು ದಾರಿಯೂ ಸಮಂಜಸ, ಆಗ ಆಯ್ಕೆಯನ್ನು ನಿರ್ಧರಿಸುವುದು ಒಂದು ವ್ಯಾವಹಾರಿಕ ಸಂಗತಿ: ಎರಡು ವಾರಕ್ಕೊಮ್ಮೆ ಟಿವಿಎಸ್ ಸರಿಯಾಗಿ ಮಾಡುವ, ಉದ್ದ ಕುಸಿದ ಮರುದಿನವೇ ಹೊಲಿಗೆ ಹಾಕಬಲ್ಲ ಕೇಂದ್ರ ನಿಮಗೆ ಹತ್ತಿರದಲ್ಲಿದೆಯೇ? ಇದ್ದರೆ ಕಾಯಬಹುದು. ಹುಬ್ಬಳ್ಳಿಗೋ ದಾವಣಗೆರೆಗೋ ಪ್ರತಿಸಲ ಬಸ್ ಹಿಡಿಯಬೇಕು, ಒಂದೆರಡು ಸ್ಕ್ಯಾನ್ ತಪ್ಪುವುದೇ ಸರಿ ಎನ್ನಿಸಿದರೆ, ನಾನಾದರೆ 13ನೇ ವಾರದ ಹೊಲಿಗೆಯನ್ನೇ ಒಪ್ಪಿಕೊಳ್ಳುತ್ತೇನೆ.

ಯಾವ ದಾರಿ ಹಿಡಿದರೂ, ಕಳೆದ ಸಲದ ಹಾಗೆ ಕೆಳಗೆ ಭಾರ, ನೀರಿನಂಥ ಸ್ರಾವ ಕಂಡರೆ ಎರಡು ದಿನ ನೋಡುವುದು ಬೇಡ. ಅದೇ ದಿನ ಹೋಗಿ ಸ್ಪೆಕ್ಯುಲಮ್ ಪರೀಕ್ಷೆ ಮತ್ತು ಟಿವಿಎಸ್ ಕೇಳಿ. ಹೊಲಿಗೆ ಹಾಕಿಸಿಕೊಂಡಿದ್ದರೆ 36–37 ವಾರಕ್ಕೆ ಅದನ್ನು ತೆಗೆಯುತ್ತಾರೆ, ಅದಕ್ಕೆ ಸಾಮಾನ್ಯವಾಗಿ ಅರಿವಳಿಕೆ ಬೇಕಾಗುವುದಿಲ್ಲ, ಮತ್ತು ತೆಗೆದ ದಿನವೇ ಹೆರಿಗೆಯಾಗುತ್ತದೆಂದೇನೂ ಇಲ್ಲ, ಹಲವರು ಇನ್ನೂ ಒಂದೆರಡು ವಾರ ಕಾಯುತ್ತಾರೆ. ಅದಕ್ಕೆ ಮುಂಚೆ ನೋವು ಶುರುವಾದರೆ, ನೀರು ಒಡೆದರೆ, ಜ್ವರ ಬಂದರೆ ಅಥವಾ ರಕ್ತ ಹೋದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕರ್ತವ್ಯದಲ್ಲಿರುವ ವೈದ್ಯರು ಹೊಸಬರಾಗಿದ್ದರೆ ಹೊಲಿಗೆ ಇದೆ ಎಂದು ಮೊದಲು ಹೇಳಿ. ಹೊಲಿಗೆ ಹಾಕಿದ ದಿನಾಂಕ, ಯಾವ ದಾರ, ಗಂಟು ಯಾವ ಕಡೆಗಿದೆ ಎಂಬುದನ್ನು ಹಾಕಿದ ವೈದ್ಯರಿಂದಲೇ ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಬರೆಸಿಕೊಂಡಿರಿ.